ಗ್ಯಾಸ್ ತುಂಬಿಸಿದ್ದೇ ತುಂಬಿಸಿದ್ದು, ಕಾರಿನೊಳಗೆ ಮಾತ್ರ ಧಗಧಗ!

ದಾವಣಗೆರೆಯ ಬಿಸಿಲಿನ ಬಗ್ಗೆ ಈ ಅಂಕಣದಲ್ಲಿ ಹೊಸದಾಗಿ ಹೇಳುವುದೇನೂ ಇಲ್ಲ. ಆದರೆ ಬಿಸಿಲು ಹೊರಗಿದ್ದರೆ ಸಹಿಸಬಹುದು ಸ್ವಾಮಿ, ಎ.ಸಿ. ಹಾಕಿದ ಕಾರಿನೊಳಗೇ ಕುಲುಮೆ ಊದಿದರೆ ಏನು ಮಾಡೋಣ?

ಪಿ.ಬಿ. ರಸ್ತೆಯ ಟ್ಯಾಕ್ಸಿ ಡ್ರೈವರ್ ಒಬ್ಬರ ಕಥೆ ಇದು. ಎರಡು ವರ್ಷದ ಹಿಂದೆ ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಕಾರು ಕೊಂಡರು. ಗುಂಡಿ ತಿರುಗಿಸಿದರೆ ಇಪ್ಪತ್ತೆರಡು, ಇಪ್ಪತ್ತಮೂರು ಅಂತ ಪರದೆಯ ಮೇಲೆ ಅಂಕಿ ಬರುವ ಡಿಜಿಟಲ್ ಎ.ಸಿ. ಗಾಡಿ. ವಾರಕ್ಕೆ ಮೂರು ಸಲ ಹರಿಹರದಿಂದ ಒಬ್ಬ ಅಜ್ಜಿಯನ್ನು ಡಯಾಲಿಸಿಸ್‌ಗೆ ಇಲ್ಲಿಗೆ ಕರೆತಂದು ವಾಪಸ್ ಬಿಡುವುದು ಇವರ ಖಾಯಂ ಬಾಡಿಗೆ. ಸಾಲದ ಕಂತು ಹುಟ್ಟುವುದೇ ಅದರಿಂದ.

ಏಪ್ರಿಲ್ ಮೊದಲ ವಾರ ಗಾಡಿಯಲ್ಲಿ ಬಿಸಿಗಾಳಿ ಶುರುವಾಯ್ತು. ಅಂಕಿ ಹದಿನೆಂಟಕ್ಕೆ ಇಳಿಸಿದರೂ ಬಿಸಿ, ಇಪ್ಪತ್ತೆಂಟಕ್ಕೆ ಏರಿಸಿದರೂ ಅದೇ ಬಿಸಿ. ಅಜ್ಜಿಯ ಮಗ ಖಡಾಖಂಡಿತವಾಗಿ ಹೇಳಿಬಿಟ್ಟ: “ಅಣ್ಣಾ, ಅವ್ವ ಡಯಾಲಿಸಿಸ್ ಮುಗಿಸ್ಕೊಂಡು ಸುಸ್ತಾಗಿ ಬರ್ತಾಳ. ಹಿಂಗಾದ್ರ ನಾವು ಬೇರೆ ಗಾಡಿ ನೋಡ್ಕೋತೀವಿ.”

ಡ್ರೈವರ್ ಓಡಿದ್ದು ಎ.ಸಿ. ಅಂಗಡಿಗೆ. ‘ಗ್ಯಾಸ್ ಖಾಲಿ’ ಎಂದರು, ಸಾವಿರದ ಆರುನೂರು ಕೊಟ್ಟರು. ಎರಡು ದಿನಕ್ಕೆ ಮತ್ತದೇ ಧಗೆ. ಇನ್ನೊಂದು ಅಂಗಡಿ, ಮತ್ತದೇ ಗ್ಯಾಸ್, ಮತ್ತೆ ಸಾವಿರದ ಆರುನೂರು. ಮೂರನೆಯವರಂತೂ ‘ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕು, ಹನ್ನೆರಡು ಸಾವಿರ ಆಗ್ತದೆ’ ಅಂದರು. ಮನುಷ್ಯ ಅಲ್ಲೇ ಕುಸಿದು ಕೂರುವುದೊಂದು ಬಾಕಿ!

ಹಲ್ಲಿ ಲೊಚಗುಟ್ಟಿದ ಹಾಗೆ

ಕೊನೆಗೆ ಗಾಡಿ ಬಂದದ್ದು ಒಂದು ಸಣ್ಣ ಗ್ಯಾರೇಜಿನ ಮೇಸ್ತ್ರಿಯ ಬಳಿ. ಮೇಸ್ತ್ರಿ ಪಾನಾ ಮುಟ್ಟಲಿಲ್ಲ. ರೇಡಿಯೋ ಬಂದ್ ಮಾಡಿಸಿ, ಫ್ಯಾನನ್ನು ಕಡಿಮೆ ಮಾಡಿಸಿ, ಕೀಲಿ ತಿರುಗಿಸಲು ಹೇಳಿ ಸುಮ್ಮನೆ ಕಿವಿಗೊಟ್ಟರು. ಡ್ಯಾಶ್‌ಬೋರ್ಡಿನ ಹಿಂದೆ ಹಲ್ಲಿ ಲೊಚಗುಟ್ಟಿದ ಹಾಗೆ ಟಕ್... ಟಕ್... ಟಕ್. ಹತ್ತು ಹದಿನೈದು ಸಲ ಬಡಿದು ನಿಂತಿತು. ಅಂಕಿ ಬದಲಿಸಿದರೆ ಮತ್ತೆ ಶುರು.

“ಈ ಶಬ್ದ ಯಾವಾಗಿಂದ ಐತಿ?”

“ಅದು ಯುಗಾದಿಗೆ ಮುಂಚಿಂದಾನೂ ಐತಿ ಮೇಸ್ತ್ರಿ. ಪ್ಲಾಸ್ಟಿಕ್ ಎಲ್ಲೋ ಸಡ್ಲ ಆಗೇತಿ ಅನ್ಕೊಂಡಿದ್ದೆ.”

ರೋಗ ತಾನಾಗಿ ಬಾಯಿಬಿಟ್ಟು ಹೇಳುತ್ತಿತ್ತು, ಕೇಳುವವರಿರಲಿಲ್ಲ.

ಓದುಗರಿಗೆ ಒಳಗಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಡ್ಯಾಶ್‌ಬೋರ್ಡಿನ ಹಿಂದೆ ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಅದರಲ್ಲಿ ಮೊದಲು ಗಾಳಿಯನ್ನು ತಣ್ಣಗೆ ಮಾಡುವ ಎ.ಸಿ. ಕಾಯಿಲ್. ಅದರ ಹಿಂದೆ ಹೀಟರಿನ ಪುಟ್ಟ ರೇಡಿಯೇಟರ್. ಬಹಳಷ್ಟು ಕಾರುಗಳಲ್ಲಿ ಎಂಜಿನ್ನಿನ ಬಿಸಿನೀರು ಬೇಸಿಗೆಯಲ್ಲೂ ಇದರೊಳಗೆ ಹರಿಯುತ್ತಲೇ ಇರುತ್ತದೆ. ಇವೆರಡರ ನಡುವೆ ಒಂದು ಬಾಗಿಲು. ಇದೇ ಬ್ಲೆಂಡ್ ಡೋರ್. ತಣ್ಣನೆ ಗಾಳಿ ನೇರ ಹೊರಗೆ ಬರಬೇಕೋ, ಹೀಟರ್ ಹಾಯ್ದು ಬರಬೇಕೋ ಎಂದು ತೀರ್ಮಾನಿಸುವುದು ಈ ಬಾಗಿಲು. ಬಾಗಿಲು ಹೀಟರ್ ಕಡೆಗೆ ತೆರೆದು ನಿಂತರೆ, ಎ.ಸಿ. ತಣ್ಣಗೆ ಮಾಡಿದ ಗಾಳಿಯನ್ನೇ ಹೀಟರ್ ಮತ್ತೆ ಕಾಯಿಸಿ ಕಳಿಸುತ್ತದೆ. ಆಮೇಲೆ ಗ್ಯಾಸ್ ಎಷ್ಟು ತುಂಬಿಸಿದರೇನು ಬಂತು!

ಈ ಬಾಗಿಲನ್ನು ತಿರುಗಿಸುವುದು ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಒಂದು ಮೋಟಾರ್ ಡಬ್ಬಿ, ಹೆಸರು ಆಕ್ಚುಯೇಟರ್. ಒಳಗಿರುವುದು ಆಟಿಕೆ ಮೋಟಾರಿನಂಥ ಮೋಟಾರ್, ನಾಲ್ಕಾರು ಪ್ಲಾಸ್ಟಿಕ್ ಗೇರು. ವರ್ಷಗಟ್ಟಲೆ ಬಿಸಿ ತಿಂದು ಗೇರಿನ ಹಲ್ಲು ಮುರಿಯುತ್ತದೆ. ಮೋಟಾರ್ ತಿರುಗುತ್ತದೆ, ಹಲ್ಲಿಲ್ಲದ ಜಾಗ ಬಂದಾಗ ಗೇರು ಜಾರಿ ಟಕ್ ಅನ್ನುತ್ತದೆ, ಬಾಗಿಲು ಇದ್ದಲ್ಲೇ ಇರುತ್ತದೆ. ಬಾಗಿಲು ತಲುಪಬೇಕಾದ ಜಾಗ ತಲುಪಲಿಲ್ಲವೆಂದು ಎ.ಸಿ. ಕಂಟ್ರೋಲ್ ಪೆಟ್ಟಿಗೆ ಮತ್ತೆ ಮತ್ತೆ ನೂಕಿ, ಕೊನೆಗೆ ಕೈಬಿಡುತ್ತದೆ. ಶಬ್ದ ನಿಂತಿತೆಂದರೆ ರಿಪೇರಿ ಆಯಿತೆಂದಲ್ಲ!

ಗ್ಯಾಸೋ, ಬಾಗಿಲೋ?

ದುಡ್ಡು ಬಿಚ್ಚುವ ಮೊದಲು ನೀವೇ ನೋಡಬಹುದು. ಎ.ಸಿ. ಹಾಕಿ ಹತ್ತು ನಿಮಿಷ ಎಂಜಿನ್ ಓಡಿಸಿ, ನಿಲ್ಲಿಸಿ, ಬಾನೆಟ್ ಎತ್ತಿ. ಎ.ಸಿ.ಯ ಎರಡು ಪೈಪುಗಳಲ್ಲಿ ದಪ್ಪನೆಯದನ್ನು ಮುಟ್ಟಿ. ಅದು ತಣ್ಣಗೆ ಬೆವೆತಿದ್ದು, ಕಾರಿನ ಕೆಳಗೆ ನೀರೂ ತೊಟ್ಟಿಕ್ಕುತ್ತಿದ್ದರೆ ಎ.ಸಿ. ತನ್ನ ಕೆಲಸ ಮಾಡುತ್ತಿದೆ. ತಪ್ಪು ಬಾಗಿಲಿನದು. ತೆಳು ಪೈಪ್ ಮುಟ್ಟಲು ಹೋಗಬೇಡಿ, ಕೈ ಸುಟ್ಟೀತು. ನಮ್ಮ ಡ್ರೈವರ್ ಕಾರಿನಲ್ಲಿ ದಪ್ಪ ಪೈಪ್ ಐಸ್‌ಕ್ಯಾಂಡಿಯ ಹಾಗಿತ್ತು. ಮೂರು ಸಾವಿರದ ಇನ್ನೂರು ರೂಪಾಯಿ ಗಾಳಿಗೆ!

ಮಲೆನಾಡಿನವರ ದೂರು ಉಲ್ಟಾ ಇರುತ್ತದೆ: ಚಳಿಯಲ್ಲಿ ಹೀಟರ್ ಬಿಸಿಯೇ ಬರುವುದಿಲ್ಲ. ಆಗ ಮೊದಲು, ಎಂಜಿನ್ ತಣ್ಣಗಿರುವಾಗ, ಕೂಲೆಂಟ್ ಮಟ್ಟ ನೋಡಿ. ಎಂಜಿನ್ ಕಾದ ಮೇಲೆ ಹೀಟರಿಗೆ ಹೋಗುವ ಎರಡೂ ಹೋಸ್ ಬಿಸಿಯಾಗಿದ್ದರೆ ಅನುಮಾನ ಬಾಗಿಲಿನ ಮೇಲೆ. ಒಂದು ಬಿಸಿ, ಒಂದು ತಣ್ಣಗಿದ್ದರೆ ಹೀಟರ್ ಕಟ್ಟಿಕೊಂಡಿರುವ ಸಂಭವವೇ ಹೆಚ್ಚು.

ಇನ್ನೊಂದು ಮಾತು. ಟಕ್ ಟಕ್ ಅಂದದ್ದೆಲ್ಲ ಇದೇ ಮೋಟಾರ್ ಅಲ್ಲ. ಗಾಳಿಯನ್ನು ಕಾಲಿಗೆ, ಮುಖಕ್ಕೆ, ಗಾಜಿಗೆ ತಿರುಗಿಸಲು ಒಂದು, ಒಳಗಾಳಿ ಹೊರಗಾಳಿ ಬದಲಿಸಲು ಇನ್ನೊಂದು ಮೋಟಾರ್ ಇರುತ್ತದೆ. ಯಾವ ಬಟನ್ ಒತ್ತಿದಾಗ ಶಬ್ದ ಬರುತ್ತದೋ ಹೋದದ್ದು ಆ ಮೋಟಾರ್. ಇನ್ನು ಗುಂಡಿಗೆ ಕೇಬಲ್ ಕಟ್ಟಿದ ಹಳೇ ನಮೂನೆ ಗಾಡಿಯಲ್ಲಿ ಈ ಮೋಟಾರೇ ಇರುವುದಿಲ್ಲ. ಅಲ್ಲಿ ಕೇಬಲ್ ಕ್ಲಿಪ್ಪಿನಿಂದ ಕಳಚಿದೆಯೋ ನೋಡಿ.

ಮೂರು ಸ್ಕ್ರೂ, ಒಂದು ಮೋಟಾರ್

ಮೇಸ್ತ್ರಿ ಬ್ಯಾಟರಿ ವೈರ್ ಕಳಚಿ ಸ್ವಲ್ಪ ಹೊತ್ತು ಬಿಟ್ಟರು. ಡ್ಯಾಶ್‌ಬೋರ್ಡ್ ಒಳಗೆ ಏರ್‌ಬ್ಯಾಗಿನ ಹಳದಿ ವೈರುಗಳಿರುತ್ತವೆ, ಅಲ್ಲಿ ಚೆಲ್ಲಾಟ ಸಲ್ಲದು. ಗ್ಲೋವ್ ಬಾಕ್ಸ್ ಬಿಚ್ಚಿ ಟಾರ್ಚ್ ಬಿಟ್ಟರೆ ಮೋಟಾರ್ ಕಂಡಿತು. ಮೂರು ಸ್ಕ್ರೂ ತೆಗೆದು ಹೊರಗೆಳೆದು, ಡಬ್ಬಿ ಬಿಡಿಸಿದರೆ ಬಿಳಿ ಗೇರಿನಲ್ಲಿ ಎರಡು ಹಲ್ಲು ಮಾಯ!

ಅಷ್ಟಕ್ಕೇ ಹೊಸದು ಹಾಕಲಿಲ್ಲ, ಬುದ್ಧಿವಂತಿಕೆ ಇರುವುದೇ ಇಲ್ಲಿ. ಬಾಗಿಲಿನ ಕಡ್ಡಿಯನ್ನು ಬೆರಳಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು. ಎರಡು ತುದಿಯಲ್ಲೂ ನಿಂತು, ನಡುವೆ ಹಗುರವಾಗಿ ಆಡಿತು. ಆಡದೆ ಬಿಗಿದಿದ್ದರೆ, ಗಾಜಿನ ಬುಡದ ಕಿಂಡಿಯಿಂದ ಬಿದ್ದ ಪೆನ್ನೋ ನಾಣ್ಯವೋ ಬಾಗಿಲಿಗೆ ಸಿಕ್ಕಿರಬಹುದು. ಅದನ್ನು ಹಾಗೇ ಬಿಟ್ಟು ಹೊಸ ಮೋಟಾರ್ ಕೂರಿಸಿದರೆ ಅದರ ಹಲ್ಲೂ ಉದುರುತ್ತದೆ. ಕಡ್ಡಿ ಎಲ್ಲೂ ನಿಲ್ಲದೆ ಗಿರಗಿರ ತಿರುಗಿದರೆ ಬಾಗಿಲೇ ಮುರಿದಿದೆ. ಆಗ ಮಾತ್ರ ದೊಡ್ಡ ರಿಪೇರಿಯ ಮಾತು.

ಹೊಸ ಮೋಟಾರ್ ಬರಲು ಎರಡು ದಿನ. ಮೇಸ್ತ್ರಿ ಬಾಗಿಲನ್ನು ಕೈಯಲ್ಲೇ ಪೂರ್ತಿ ತಣ್ಣನೆ ಕಡೆಗೆ ತಿರುಗಿಸಿ ಕಳಿಸಿದರು. ಮರುದಿನ ಅಜ್ಜಿ ತಣ್ಣಗೆ ಹರಿಹರ ಸೇರಿದರು! ಬೇಸಿಗೆಗೆ ಇದೊಂದು ತಾತ್ಕಾಲಿಕ ಉಪಾಯ.

ಮೋಟಾರ್ ಬಂದ ಮೇಲೆ ಅದರ ತುದಿಯನ್ನೂ ಬಾಗಿಲಿನ ಕಡ್ಡಿಯನ್ನೂ ಸರಿಯಾಗಿ ಹೊಂದಿಸಿ ಕೂರಿಸಿದರು. ಬಲವಂತವಾಗಿ ಒತ್ತಿದರೆ ಹೊಸದೂ ಮುರಿಯುತ್ತದೆ. ಬ್ಯಾಟರಿ ಜೋಡಿಸಿ ಕೀಲಿ ತಿರುಗಿಸಿ, ಎರಡು ನಿಮಿಷ ಯಾರೂ ಗುಂಡಿ ಮುಟ್ಟಬಾರದೆಂದರು. ಆ ಹೊತ್ತಿನಲ್ಲಿ ಮೋಟಾರ್ ಬಾಗಿಲನ್ನು ಈ ತುದಿಯಿಂದ ಆ ತುದಿಗೆ ಓಡಿಸಿ ಅಳತೆ ಕಲಿಯುತ್ತದೆ. ಈ ಕಲಿಕೆಯ ಕ್ರಮ ಒಂದೊಂದು ಗಾಡಿಗೆ ಒಂದೊಂದು ಥರ, ಕೆಲವಕ್ಕೆ ಸ್ಕ್ಯಾನರ್ ಬೇಕು.

ಬಿಲ್ಲು: ಮೋಟಾರಿಗೆ ಸಾವಿರದ ನಾಲ್ಕುನೂರ ಐವತ್ತು, ಕೂಲಿ ಮುನ್ನೂರು. ಗಾಡಿಯಿಂದ ಗಾಡಿಗೆ ಮೋಟಾರಿನ ಬೆಲೆಯೂ, ಕೈ ಹೋಗುವ ಜಾಗವೂ ಬೇರೆ. ಆದರೂ ಹನ್ನೆರಡು ಸಾವಿರವೆಲ್ಲಿ, ಹದಿನೇಳುನೂರ ಐವತ್ತೆಲ್ಲಿ!

ಮುರಿದ ಬಿಳಿ ಗೇರನ್ನು ಡ್ರೈವರ್ ಬಿಸಾಡಿಲ್ಲ. ಕೀ ಗೊಂಚಲಿಗೆ ಕಟ್ಟಿಕೊಂಡಿದ್ದಾರೆ. ಸ್ಟ್ಯಾಂಡಿನಲ್ಲಿ ಯಾರಾದರೂ ‘ಗ್ಯಾಸ್ ಹಾಕ್ಸೋಕ್ ಹೊಂಟೀನಿ’ ಅಂದರೆ ಅದನ್ನು ತೋರಿಸಿ ಹೇಳುತ್ತಾರಂತೆ: “ಮೊದ್ಲು ರೇಡಿಯೋ ಆರ್ಸೋ ಮಾರಾಯ, ಗಾಡಿ ಏನ್ ಹೇಳ್ತೈತಿ ಕೇಳು.”