ಯಾವ ಮಿತಿ, ಯಾರ ಮಿತಿ?

ಲೇತ್‌ನಲ್ಲಿ 20 ಮಿ.ಮೀ. ಶಾಫ್ಟ್ ತಯಾರಾಗುತ್ತಿದೆ ಎನ್ನಿ. ಡ್ರಾಯಿಂಗ್ ಪ್ರಕಾರ 19.95ರಿಂದ 20.05ರವರೆಗೆ ನಡೆಯುತ್ತದೆ, ಅದು ಗ್ರಾಹಕ ಕೊಟ್ಟ ಮಿತಿ. ಕಂಟ್ರೋಲ್ ಚಾರ್ಟಿನ ಗೆರೆಗಳು 19.98 ಮತ್ತು 20.02. ಇವು ಐದೈದು ಪೀಸುಗಳ ಸರಾಸರಿಗೆ, ಮೆಷಿನ್ನಿನ ಸಹಜ ಏರಿಳಿತದಿಂದ ಲೆಕ್ಕಹಾಕಿದವು. ಎರಡನ್ನೂ ‘ಮಿತಿ’ ಎಂದೇ ಬರೆದರೆ, ಸರಾಸರಿ 20.03 ಬಂದಾಗಲೂ ಆಪರೇಟರ್ ‘ಮಿತಿಯೊಳಗಿದೆ’ ಎಂದು ಕೆಲಸ ಮುಂದುವರಿಸುತ್ತಾನೆ. ಪೀಸುಗಳೇನೋ ಪಾಸಾಗಬಹುದು. ಆದರೆ ಟೂಲ್ ಸವೆದಿದೆಯೇ ಎಂದು ನಿಲ್ಲಿಸಿ ನೋಡಬೇಕಿದ್ದದ್ದು ಆಗಲೇ.

‘ಎಚ್ಚರಿಕೆ ಗೆರೆ’ ಎನ್ನೋಣವೆಂದರೆ, ಅದು ಇನ್ನೂ ಒಳಗಿನ ಬೇರೊಂದು ಗೆರೆಯ ಹೆಸರು. ‘ಡ್ರಾಯಿಂಗ್ ಮಿತಿ’, ‘ಮೆಷಿನ್ ಗೆರೆ’ ಎಂದರೆ ಸಾಕು ಎನಿಸುತ್ತದೆ ನನಗೆ.

ಪ್ರೋಸೆಸ್ ಕೆಪೆಬಿಲಿಟಿಯನ್ನು ‘ಸಾಮರ್ಥ್ಯ’ ಎಂದರೆ ಗಂಟೆಗೆಷ್ಟು ಪೀಸು ಎಂದುಕೊಳ್ಳುತ್ತಾರೆ. ಅಲ್ಲಿ ಕೇಳುತ್ತಿರುವುದು ಬೇರೆ: ಡ್ರಾಯಿಂಗ್ ಬಿಟ್ಟುಕೊಟ್ಟ 0.10 ಮಿ.ಮೀ. ಜಾಗದಲ್ಲಿ ಮೆಷಿನ್ನಿನ ಏರಿಳಿತ ಹಿಡಿಸುತ್ತದೆಯೇ? ಇಲ್ಲಿ ಅದು ಸುಮಾರು 0.09. ಹಿಡಿಸುತ್ತದೆ, ಕೂದಲೆಳೆಯಲ್ಲಿ.