30ರ ಸೈಜ್ ಎಷ್ಟು ತರಿಸಬೇಕು?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಯೂನಿಫಾರ್ಮ್ ಅಂಗಡಿಗಳಿಗೆ ಶಾಲೆ ಶುರುವಾಗೋ ಮೇ ಕೊನೆ, ಜೂನ್ ಮೊದಲೇ ಸುಗ್ಗಿ. ಎಷ್ಟು ಸ್ಟಾಕ್ ತರಿಸಬೇಕು? "ಹೋದ ವರ್ಷ ಮಾರಿದಷ್ಟು" ಅನ್ನೋ ಉತ್ತರದಲ್ಲೇ ತೊಡಕಿದೆ.

ಚನ್ನಪಟ್ಟಣದಲ್ಲಿ ಒಂದು ಅಂಗಡಿ ಅಂತ ಇಟ್ಕೊಳ್ಳಿ. ಒಂದು ಖಾಸಗಿ ಶಾಲೆಯ 30ರ ಸೈಜಿನ ಶರ್ಟ್ 40 ತರಿಸಿದ್ದರು, ಎಂಟೇ ದಿನಕ್ಕೆ ಖಾಲಿ. ಲೆಕ್ಕದಲ್ಲಿ 40 ಅಂತಿದೆ. ಆದರೆ ಒಂಬತ್ತನೇ ದಿನ ಬಂದು ಬರಿಗೈಲಿ ಹೋದವರು ಯಾವ ಬಿಲ್‌ನಲ್ಲೂ ಇಲ್ಲ. ಅದಕ್ಕೆ ಖಾಲಿಯಾಗದ ಸೈಜ್‌ಗಳನ್ನ ನೋಡಬೇಕು. 28, 32ರಲ್ಲಿ ಆ ಎಂಟು ದಿನಕ್ಕೆ ಸೀಸನ್ನಿನ ಅರ್ಧ ವ್ಯಾಪಾರ ಆಗಿದ್ದರೆ, 30ಕ್ಕೂ ನಿಜವಾದ ಬೇಡಿಕೆ ಸುಮಾರು 80 ಇತ್ತು. 30 ಸಿಗದೆ 32 ಒಯ್ದವರೂ ಇರ್ತಾರೆ, ಹಾಗಾಗಿ ಇದು ಸ್ವಲ್ಪ ಹೆಚ್ಚೇ ಇದ್ದೀತು.

ಲೋಗೋ ಇರೋ ಶರ್ಟ್ ಬೇರೆ ಶಾಲೆಗೆ ನಡೆಯಲ್ಲ. ನಾನಾದರೆ 60 ಹೊಲಿಸಿ, 20ಕ್ಕೆ ಬಟ್ಟೆ ಮಾತ್ರ ಇಟ್ಕೊಳ್ತೀನಿ, ಟೈಲರ್‌ಗೆ ಮೊದಲೇ ಹೇಳಿಟ್ಟು. ಸರ್ಕಾರಿ ಶಾಲೆ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಸಮವಸ್ತ್ರ ಉಚಿತ, ಅವರನ್ನ ಈ ಲೆಕ್ಕಕ್ಕೆ ಸೇರಿಸಬೇಡಿ.

ನೋಟ್‌ಬುಕ್ ಮಾತ್ರ ಎಲ್ಲರಿಗೂ ಬೇಕು, ಉಳಿದರೂ ಮುಂದೆ ಹೋಗುತ್ತೆ. ಸ್ವಲ್ಪ ಜಾಸ್ತಿ ತರಿಸಿ, ಡಜನ್ ಮೇಲಿನ ಆಫರ್ ಮೇ ಮಧ್ಯದಲ್ಲೇ ಕೊಡಿ. ಜೂನ್ ನೂಕುನುಗ್ಗಲಲ್ಲಿ ಬರೋರು ಆಫರ್ ಇಲ್ಲದೆಯೂ ಕೊಳ್ತಾರೆ. ಆಗ ಕೌಂಟರ್‌ನಲ್ಲಿ ಒಂದು ಪುಸ್ತಕ ಇಟ್ಟು, "ಇಲ್ಲ" ಅಂದ ಪ್ರತಿ ಸೈಜನ್ನೂ ತಾರೀಕಿನ ಸಮೇತ ಬರೆದಿಡಿ.