ವೆಂಟಿಲೇಟರ್‌ನಿಂದ ಬಿಡಿಸುವಿಕೆ

ವೆಂಟಿಲೇಟರ್‌ನಿಂದ ಬಿಡಿಸುವಿಕೆ ಎಂದರೆ ಯಂತ್ರದ ನೆರವಿನಿಂದ ಉಸಿರಾಡುತ್ತಿರುವ ರೋಗಿಯನ್ನು ಸ್ವತಂತ್ರ ಉಸಿರಾಟಕ್ಕೆ ಮರಳಿಸುವ ಪ್ರಕ್ರಿಯೆ. ಮೂಲ ಕಾಯಿಲೆ ಹತೋಟಿಗೆ ಬಂದು, ರಕ್ತದೊತ್ತಡ ಸ್ಥಿರವಾದ ಬಳಿಕ 30ರಿಂದ 120 ನಿಮಿಷಗಳ ಸ್ವಯಂ ಉಸಿರಾಟ ಪರೀಕ್ಷೆ ನಡೆಸಲಾಗುತ್ತದೆ. ಆಗ ಕೊಳವೆ ಗಂಟಲಿನಲ್ಲೇ ಇದ್ದು, ಯಂತ್ರದ ನೆರವು ಅತ್ಯಲ್ಪವಾಗಿರುತ್ತದೆ.

ನಿಮಿಷದ ಉಸಿರುಗಳ ಸಂಖ್ಯೆಯನ್ನು ಒಂದು ಉಸಿರಿನ ಲೀಟರ್ ಪ್ರಮಾಣದಿಂದ ಭಾಗಿಸಿದಾಗ 105ಕ್ಕಿಂತ ಹೆಚ್ಚು ಬಂದರೆ ವಿಫಲತೆಯ ಸಂಭವ ಅಧಿಕವೆಂದು ಯಾಂಗ್ ಮತ್ತು ಟೋಬಿನ್ 1991ರಲ್ಲಿ ತೋರಿಸಿದರು. ನಿಮಿಷಕ್ಕೆ 24 ಬಾರಿ, ಪ್ರತಿ ಬಾರಿ 0.3 ಲೀಟರ್ ಉಸಿರಾಡುವವರಲ್ಲಿ ಇದು 80. 36 ಬಾರಿ, 0.2 ಲೀಟರ್ ಆದರೆ 180.

ಆದರೆ ಈ ಪರೀಕ್ಷೆ ಅಳೆಯುವುದು ಉಸಿರಾಟದ ಶಕ್ತಿಯನ್ನೇ ಹೊರತು ಶ್ವಾಸಮಾರ್ಗದ ಸ್ಥಿತಿಯನ್ನಲ್ಲ. ಕೆಮ್ಮು ದುರ್ಬಲವಾಗಿದ್ದರೆ ಕಫ ಕಟ್ಟಿಕೊಳ್ಳುತ್ತದೆ. ಧ್ವನಿಪೆಟ್ಟಿಗೆ ಊದಿದ್ದರೆ ಕೊಳವೆ ತೆಗೆದ ಮೇಲೆ ಉಸಿರೆಳೆಯುವಾಗ ಕರ್ಕಶ ಸದ್ದು ಕೇಳಿಸುತ್ತದೆ. ಆದ್ದರಿಂದಲೇ ಪರೀಕ್ಷೆಯಲ್ಲಿ ತೇರ್ಗಡೆಯಾದ ಕೆಲವರಿಗೂ ಎರಡು-ಮೂರು ದಿನಗಳೊಳಗೆ ಕೊಳವೆಯನ್ನು ಮತ್ತೆ ಹಾಕಬೇಕಾಗುತ್ತದೆ.